ಮೂಗಿನ ಗಾಳಿ, ಬಾಯಿಯ ಗಾಳಿ

ಬಾಯಿಂದ ಊದಿದ ಉಸಿರಿನಲ್ಲಿ ನೈಟ್ರಿಕ್ ಆಕ್ಸೈಡ್ ಎಂಬ ಅನಿಲ ಹೆಚ್ಚು ಸಿಕ್ಕರೆ ಅದು ಸಂತೋಷದ ಸುದ್ದಿಯಲ್ಲ. ಇದನ್ನು ನಾನು ಚಿಕ್ಕಮ್ಮನಿಗೆ ಮೂರು ಸಲ ಹೇಳಿದ್ದೆ. ಮೊದಲನೆಯದು ದುರ್ಗದ ಕ್ಲಿನಿಕ್ಕಿನ ಓಣಿಯಲ್ಲಿ, ಎರಡನೆಯದು ಹಿರಿಯೂರಿಗೆ ಬರುವ ಬಸ್ಸಿನಲ್ಲಿ, ಮೂರನೆಯದು ಮನೆಯಲ್ಲಿ, ಅವಳು ರೊಟ್ಟಿ ತಟ್ಟುತ್ತಿದ್ದಾಗ. ಮೂರು ಸಲವೂ ಅವಳು ಕೇಳಿಸಿಕೊಂಡಳು. ನಂಬಲಿಲ್ಲ.

ನಾನು ಕೆಲಸ ಮಾಡುವುದು ಚಿತ್ರದುರ್ಗದಲ್ಲಿ ಒಬ್ಬ ಶ್ವಾಸಕೋಶದ ಡಾಕ್ಟರ ಬಳಿ. ರೋಗಿಗಳಿಂದ ಯಂತ್ರಕ್ಕೆ ಊದಿಸುವುದು, ಅಂಕಿ ಬರೆದುಕೊಳ್ಳುವುದು, ಪಂಪು, ಅಂದರೆ ಇನ್‌ಹೇಲರ್, ಎಳೆಯುವ ರೀತಿ ಕಲಿಸುವುದು ನನ್ನ ಕೆಲಸ. ಉಳಿದುಕೊಂಡಿರುವುದು ಹಿರಿಯೂರಿನಲ್ಲಿ, ಚಿಕ್ಕಮ್ಮನ ಮನೆಯಲ್ಲಿ. ಅವಳು ಬೆಳಿಗ್ಗೆ ಕಲ್ಯಾಣಮಂಟಪದ ಹಿಂದಿನ ಹಾಲ್‌ನಲ್ಲಿ ಯೋಗ ಹೇಳಿಕೊಡುತ್ತಾಳೆ. ಅವಳ ತರಗತಿಗೆ ಹೆಸರು ಬಂದದ್ದು ಭ್ರಾಮರಿಯಿಂದ. ಕಿವಿಗೆ ಹೆಬ್ಬೆರಳು, ಕಣ್ಣಿನ ಮೇಲೆ ಉಳಿದ ಬೆರಳು, ಬಾಯಿ ಮುಚ್ಚಿ, ಮೂಗಿನಲ್ಲಿ ದುಂಬಿಯ ಹಾಗೆ ಗುಂಯ್ ಎನ್ನುತ್ತ ಉಸಿರು ಬಿಡುವುದು. ತರಗತಿಗೆ ಒಂದು ಕಟ್ಟುನಿಟ್ಟಿತ್ತು: ಸುತ್ತು ಶುರುವಾದ ಮೇಲೆ ಚಿಕ್ಕಮ್ಮ ಚಪ್ಪಾಳೆ ತಟ್ಟುವ ತನಕ ಯಾರೂ ಬೆರಳು ತೆಗೆಯುವ ಹಾಗಿಲ್ಲ.

ಹೋದ ವರ್ಷ ಎಲ್ಲಿಂದಲೋ ಅವಳ ಫೋನಿಗೆ ಒಂದು ವಿಡಿಯೋ ಬಂತು. ಗುಂಯ್‌ಗುಟ್ಟಿದಾಗ ಮೂಗಿನಿಂದ ಬರುವ ನೈಟ್ರಿಕ್ ಆಕ್ಸೈಡ್ ಹದಿನೈದು ಪಟ್ಟು ಹೆಚ್ಚುತ್ತದೆ ಎಂದು. ಅದು ಸುಳ್ಳಲ್ಲ. ಡಾಕ್ಟರನ್ನು ಕೇಳಿದ್ದೆ, ಅಷ್ಟರ ಮಟ್ಟಿಗೆ ಅಳೆದವರು ಇದ್ದಾರೆ ಎಂದಿದ್ದರು. ಮೂಗಿನ ಅಕ್ಕಪಕ್ಕ, ಕೆನ್ನೆ ಮತ್ತು ಹಣೆಯ ಎಲುಬಿನೊಳಗೆ ಗಾಳಿ ತುಂಬಿದ ಸಣ್ಣ ಕೋಣೆಗಳಿವೆ, ಸೈನಸ್ ಎನ್ನುತ್ತಾರಲ್ಲ, ಅವೇ. ಆ ಅನಿಲ ಅಲ್ಲಿ ತಯಾರಾಗಿ ಕೂತಿರುತ್ತದೆ. ಸುಮ್ಮನೆ ಉಸಿರಾಡಿದರೆ ನಿಧಾನಕ್ಕೆ ಸೋರುತ್ತದೆ. ಗುಂಯ್ ಎಂದರೆ ಒಳಗಿನ ಗಾಳಿ ನಡುಗಿ, ಸಣ್ಣ ಕಿಂಡಿಗಳ ಮೂಲಕ ಒಮ್ಮೆಗೇ ಹೊರಗೆ ನುಗ್ಗುತ್ತದೆ. ಸೈನಸ್ಸಿನ ಬಾಯಿ ಕಟ್ಟಿಕೊಂಡವರಲ್ಲಿ ಹೀಗೆ ನುಗ್ಗುವುದಿಲ್ಲ.

"ಅಂದ್ರೆ ನಾನು ಹೇಳ್ಕೊಡೋದು ಸರಿ ಐತೆ ಅಂತಾಯ್ತು," ಎಂದಿದ್ದಳು ಚಿಕ್ಕಮ್ಮ.

"ಹೊರಗೆ ಬರೋದು ನಿಜ. ಬಂದಿದ್ದು ಹೊರಗೇ ಹೋಗುತ್ತೆ ಚಿಕ್ಕಮ್ಮ, ಉಸಿರು ಬಿಡೋವಾಗ ತಾನೇ ಗುಂಯ್ ಅನ್ನೋದು?"

"ಮುಂದಿನ ಉಸಿರಿಗೆ ಒಳಗೆ ಹೋಗಲ್ವೇನು?"

"ಒಂಚೂರು ಹೋಗ್ಬಹುದು. ಅದ್ರಿಂದ ಉಸಿರಿನ ಕೊಳವೆ ಅಗಲ ಆಗುತ್ತಾ ಅಂತ ಯಾರಿಗೂ ಸರಿಯಾಗಿ ಗೊತ್ತಿಲ್ಲ."

"ಗೊತ್ತಿಲ್ದೋರ ಮಾತು ಕಟ್ಕಂಡು ಏನ್ ಮಾಡ್ಲಿ ಮಗಾ," ಎಂದು ನಕ್ಕಳು.

ಅವಳಿಗೆ ಕೆಡುಕಿನ ಬುದ್ಧಿ ಒಂದಿಷ್ಟೂ ಇರಲಿಲ್ಲ. ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಹಾಲ್ ಗುಡಿಸಿ ಚಾಪೆ ಹಾಸುತ್ತಿದ್ದಳು. ಅವಳ ತರಗತಿಗೆ ಬಂದು ನಿದ್ದೆ ಸರಿಯಾದವರು, ಸಿಟ್ಟು ಇಳಿದವರು ಇದ್ದರು. ಆದ್ದರಿಂದಲೇ ಅವಳ ಮಾತಿಗೆ ತೂಕ ಇತ್ತು.

ಆ ತೂಕ ಹೆಚ್ಚು ಬಿದ್ದದ್ದು ತರಗತಿಗೆ ಬರುತ್ತಿದ್ದ ಐಮಂಗಲದ ಅಕ್ಕನ ಮೇಲೆ. ನಲವತ್ತರ ಆಸುಪಾಸಿನ ಹೆಂಗಸು. ಗಂಡನ ಕಡೆಯವರು ಕುರಿ ಸಾಕುವವರು. ಇವಳು ಹಿರಿಯೂರಿನ ತೆಂಗಿನ ನಾರಿನ ಫ್ಯಾಕ್ಟರಿಯಲ್ಲಿ ಕೆಲಸಕ್ಕೆ ಬರುತ್ತಿದ್ದಳು. ಮೊದಲ ಬಸ್ಸಿಗೆ ಬಂದು, ಯೋಗ ಮುಗಿಸಿ, ಅಲ್ಲಿಂದ ಫ್ಯಾಕ್ಟರಿಗೆ ಹೋಗುತ್ತಿದ್ದಳು. ನಾರಿನ ದೂಳು ಅವಳ ಎದೆಗೆ ಆಗುತ್ತಿರಲಿಲ್ಲ. ಆಸ್ತಮಾ ಮೊದಲಿಂದಲೂ ಇತ್ತು, ದೂಳು ಅದನ್ನು ಕೆಣಕುತ್ತಿತ್ತು. ಅವಳ ಬಳಿ ಎರಡು ಪಂಪು. ಒಂದು ದಿನಾ ಎರಡು ಹೊತ್ತು ಎಳೆಯಬೇಕಾದದ್ದು, ಕೊಳವೆಯ ಒಳಗಿನ ಊತ ಇಳಿಸಲು. ಇನ್ನೊಂದು ನೀಲಿಯದು, ಉಸಿರು ಕಟ್ಟಿದಾಗ ತಕ್ಷಣಕ್ಕೆ.

ಫೆಬ್ರವರಿಯಲ್ಲಿ ಒಂದು ಕಂಪನಿಯವರು ನಮ್ಮ ಕ್ಲಿನಿಕ್ಕಿಗೆ ಒಂದು ವಾರದ ಮಟ್ಟಿಗೆ ಹೊಸ ಯಂತ್ರ ತಂದಿಟ್ಟರು. ಬಾಯಿಂದ ಊದಿದ ಉಸಿರಿನಲ್ಲಿ ನೈಟ್ರಿಕ್ ಆಕ್ಸೈಡ್ ಎಷ್ಟಿದೆ ಎಂದು ತೋರಿಸುವ, ಕೈಯಲ್ಲಿ ಹಿಡಿಯುವಷ್ಟು ದೊಡ್ಡ ಡಬ್ಬಿ. ಹೆಸರು ಕೇಳುತ್ತಲೇ ಚಿಕ್ಕಮ್ಮ ಒಂದು ದಿನ ತರಗತಿ ಬಿಟ್ಟು, ಐಮಂಗಲದ ಅಕ್ಕನನ್ನು ಕರೆದುಕೊಂಡು ದುರ್ಗಕ್ಕೆ ಬಂದೇಬಿಟ್ಟಳು. ತರಗತಿಯಲ್ಲಿ ಎಲ್ಲರಿಗಿಂತ ಉದ್ದಕ್ಕೆ ಗುಂಯ್ ಎನ್ನುವುದು ಆ ಅಕ್ಕನೇ ಎಂದು ಅವಳಿಗೆ ಹೆಮ್ಮೆ.

ನಾನೇ ಊದಿಸಿದೆ. ಅಂಕಿ ಎಪ್ಪತ್ತೆಂಟು. ದೊಡ್ಡವರಲ್ಲಿ ಇಪ್ಪತ್ತೈದರೊಳಗೆ ಇದ್ದರೆ ನಾವು ಸಮಾಧಾನಪಡುತ್ತೇವೆ.

"ಎಪ್ಪತ್ತೆಂಟಾ!" ಚಿಕ್ಕಮ್ಮ ಅಕ್ಕನ ಬೆನ್ನು ತಟ್ಟಿದಳು. "ನೋಡವ್ವ, ದಿನಾ ಮಾಡಿದ್ದು ಎಲ್ಲೂ ಹೋಗಿಲ್ಲ."

ಡಾಕ್ಟರು ಅಂಕಿ ನೋಡಿ ಕನ್ನಡಕ ತೆಗೆದರು. "ಅಮ್ಮಾ, ಇದು ಮೂಗಿನ ಗಾಳಿ ಅಲ್ಲ. ಈ ಯಂತ್ರಕ್ಕೆ ಒತ್ತಿ ಊದುವಾಗ ಅಂಗುಳದ ಹಿಂದಿನ ಮೆತ್ತನೆ ಭಾಗ ಮೇಲೆದ್ದು ಮೂಗಿನ ದಾರಿ ಮುಚ್ಚಿಕೊಳ್ಳುತ್ತೆ. ಬಂದಿದ್ದು ಶ್ವಾಸಕೋಶದ ಕೊಳವೆಗಳಿಂದ. ಅಲರ್ಜಿಯಿಂದ ಊತ ಇದ್ದಾಗ ಆ ಕೊಳವೆಗಳೇ ಈ ಅನಿಲ ಜಾಸ್ತಿ ಮಾಡುತ್ತವೆ. ಇದು ಒಳಗೆ ಬೆಂಕಿ ಇದೆ ಅಂತ ಹೇಳುವ ಹೊಗೆ." ಆಮೇಲೆ ಅಕ್ಕನ ಕಡೆ ತಿರುಗಿ, "ದಿನದ ಪಂಪು ತಪ್ಪಿಸ್ತಿದ್ದೀರಾ?" ಎಂದು ಕೇಳಿದರು.

"ಒಂದೊಂದ್ ದಿನ ಮರೆತೋಗ್ತತೆ ಸಾರ್," ಎಂದಳು ಅಕ್ಕ, ನೆಲ ನೋಡುತ್ತ.

"ಮರೀಬೇಡಿ. ಎರಡೂ ಹೊತ್ತು. ಭ್ರಾಮರಿ ಮಾಡ್ಕೊಳ್ಳಿ, ನನ್ನ ಅಡ್ಡಿಯಿಲ್ಲ. ಆದರೆ ಪಂಪು ಬಿಡೋ ಹಾಗಿಲ್ಲ."

ವಾಪಸು ಬಸ್ಸಿನಲ್ಲಿ ಚಿಕ್ಕಮ್ಮ ಕಿಟಕಿ ಕಡೆ ಕೂತಳು. ಐಮಂಗಲದಲ್ಲಿ ಅಕ್ಕ ಇಳಿದು ಹೋದ ಮೇಲೆ ನನ್ನ ಕಡೆ ತಿರುಗಿದಳು. "ಮೂಗಾದ್ರೇನು ಬಾಯಾದ್ರೇನು ಮಗಾ, ಒಳಗೆ ಇರೋದು ಒಂದೇ ಗಂಟ್ಲು. ಗ್ಯಾಸು ಅದೇ ಅಲ್ವಾ?"

ನನ್ನ ಬಳಿ ಉತ್ತರವಿತ್ತು, ಹೇಳಿದೆ. ಅನಿಲ ಒಂದೇ, ಹುಟ್ಟುವ ಜಾಗ ಬೇರೆ, ಹೇಳುವ ಅರ್ಥ ಬೇರೆ. ಅವಳು "ಹೂಂ" ಎಂದಳು. ಅವಳ ಆ ಹೂಂ ನನಗೆ ಚಿಕ್ಕಂದಿನಿಂದ ಪರಿಚಯ. ಮಾತು ಮುಗಿಸಲು ಹೇಳುವ ಹೂಂ ಅದು.

ಮಾರ್ಚ್ ತಿಂಗಳ ಒಂದು ಭಾನುವಾರ ತರಗತಿಯವರೆಲ್ಲ ಮಾರಿಕಣಿವೆ ಅಣೆಕಟ್ಟೆಗೆ ಹೋದೆವು. ನೀರಿನ ಪಕ್ಕ ಕೂತು ಭ್ರಾಮರಿ ಮಾಡಬೇಕು, ಆಮೇಲೆ ಚಿತ್ರಾನ್ನ ತಿಂದು ಬರಬೇಕು ಎಂಬುದು ಚಿಕ್ಕಮ್ಮನ ಯೋಜನೆ. ಒಂದು ಟೆಂಪೋ ಟ್ರಾವೆಲರ್ ಗೊತ್ತು ಮಾಡಿದ್ದಳು. ಚಾಲಕ ಹುಡುಗಾಟದ ಮನುಷ್ಯ. "ಎಲ್ರೂ ಗುಂಯ್ ಅಂದ್ರೆ ಡ್ಯಾಮಿನ್ ಮೀನೆಲ್ಲ ಜೇನುನೊಣ ಬಂತು ಅಂತ ಓಡೋಗ್ತವೆ ಮೇಡಂ," ಎಂದ. ತರಗತಿಯಲ್ಲಿ ನಿವೃತ್ತ ಮೇಷ್ಟ್ರೊಬ್ಬರಿದ್ದರು. ಅವರು ಅಷ್ಟೇ ಗಂಭೀರವಾಗಿ, "ಮೀನಿಗೆ ಕಿವಿ ಹೊರಗಿರಲ್ಲಪ್ಪ, ನೀನು ಗಾಡಿ ನೋಡು," ಎಂದರು. ಅದೇ ಮೇಷ್ಟ್ರು ಭ್ರಾಮರಿಯಿಂದ ತಾವು ಪಂಪನ್ನೇ ಬಿಸಾಕಿದ್ದಾಗಿ ತರಗತಿಯಲ್ಲಿ ಎದ್ದುನಿಂತು ಹೇಳಿದ್ದವರು. ಅವರಿಗೆ ಎಲ್ಲರೂ ಚಪ್ಪಾಳೆ ತಟ್ಟಿದ್ದರು.

ಐಮಂಗಲದ ಅಕ್ಕ ನನ್ನ ಪಕ್ಕದಲ್ಲೇ ಕೂತಿದ್ದಳು. ಹಿಂದಿನ ದಿನ ಫ್ಯಾಕ್ಟರಿಯಲ್ಲಿ ಸಿಪ್ಪೆ ಬಡಿಯುವ ಯಂತ್ರದ ಹತ್ತಿರವೇ ನಿಲ್ಲಿಸಿದ್ದರಂತೆ. ದಾರಿಯಲ್ಲಿ ಕೆಮ್ಮುತ್ತಿದ್ದಳು.

"ಪಂಪು ತಂದಿದ್ದೀರಾ ಅಕ್ಕ?"

"ಇಲ್ಲ ತಂಗಿ. ಎರಡೂ ಬಿಟ್ಟು ಮೂರು ವಾರ ಆತು. ಎಪ್ಪತ್ತೆಂಟು ಬಂದಿತ್ತಲ್ಲ." ಹಲ್ಲು ಕಾಣುವಂತೆ ನಕ್ಕಳು. "ಭ್ರಾಮರಿ ಫಲ ಇದು ಅಂತ ಮೇಡಮ್ಮೋರು ವಾಟ್ಸಾಪ್ ಗ್ರೂಪಲ್ಲಿ ಹಾಕಿದ್ರು, ನೋಡ್ಲಿಲ್ವಾ?"

ನಾನು ಆ ಗ್ರೂಪಿನಲ್ಲಿರಲಿಲ್ಲ. ಮುಂದಿನ ಸೀಟಿನಲ್ಲಿದ್ದ ಚಿಕ್ಕಮ್ಮನ ಕಡೆ ನೋಡಿದೆ. ಅವಳು ಚಿತ್ರಾನ್ನದ ಪಾತ್ರೆ ಉರುಳದಂತೆ ಹಿಡಿದುಕೊಂಡಿದ್ದಳು. ಇಳಿದ ಕೂಡಲೇ ಮಾತಾಡಬೇಕು ಎಂದುಕೊಂಡೆ. ಇಳಿದ ಕೂಡಲೇ ಅವಳು ಜಮಖಾನ ಹಾಸಲು ಓಡಿದಳು, ಜನ ಸುತ್ತ ಕೂತುಬಿಟ್ಟರು.

ನಾನು ಹಿಂದೆ ಒಂದು ಮರದ ಬುಡದಲ್ಲಿ ಕೂತೆ. ಬೆರಳುಗಳು ಕಿವಿಗೆ ಹೋದವು, ಕಣ್ಣುಗಳು ಮುಚ್ಚಿದವು. ಹದಿನಾರು ಜನರ ಗುಂಯ್ ನೀರಿನ ಮೇಲೆ ಹರಡಿತು. ಕೇಳಲು ಚೆನ್ನಾಗಿಯೇ ಇತ್ತು. ಆದರೆ ಅಷ್ಟು ಜನರಲ್ಲಿ ಒಬ್ಬರಿಗೂ ಪಕ್ಕದವರ ಉಸಿರು ಕೇಳುವಂತಿರಲಿಲ್ಲ, ಮುಖ ಕಾಣುವಂತಿರಲಿಲ್ಲ. ಕಾಣುತ್ತಿದ್ದುದು ನನಗೆ ಮಾತ್ರ. ಎರಡನೇ ಸುತ್ತಿಗೆ ಅಕ್ಕನ ಭುಜಗಳು ಕಿವಿಯ ತನಕ ಏರತೊಡಗಿದವು. ಉಳಿದವರದು ಉದ್ದ ಎಳೆ, ಅವಳದು ಚೂರು ಚೂರು. ಒಳಗೆಳೆದಾಗ ಕತ್ತಿನ ಬುಡದ ಗುಳಿ ಆಳಕ್ಕೆ ಕುಸಿಯುತ್ತಿತ್ತು.

ಎದ್ದುಹೋಗಿ ಅವಳ ಭುಜ ಮುಟ್ಟಿದೆ. ಕಣ್ಣು ತೆರೆಯದೆ ತಲೆ ಅಲ್ಲಾಡಿಸಿದಳು. ಸುತ್ತು ಮುಗಿದಿಲ್ಲ ಎಂಬ ಅರ್ಥ.

"ಚಿಕ್ಕಮ್ಮಾ!" ಎಂದು ಕೂಗಿದೆ. ಅವಳ ಕಿವಿಯಲ್ಲೂ ಹೆಬ್ಬೆರಳು. ಹೋಗಿ ಅವಳ ಕೈಯನ್ನೇ ಎಳೆದೆ. ಬೆಚ್ಚಿ ಚಪ್ಪಾಳೆ ತಟ್ಟಿದಳು. ಗುಂಯ್ ನಿಂತಿತು. ಆಗ ಎಲ್ಲರಿಗೂ ಕೇಳಿಸಿತು: ಅಕ್ಕನ ಎದೆಯಿಂದ ಸಣ್ಣ ಸೀಟಿಯಂಥ ಸದ್ದು, ಬಿಡುವಾಗಲೂ ಎಳೆಯುವಾಗಲೂ.

"ಗಾಬರಿಯಾಗಬೇಡ್ರಿ ಯಾರೂ," ಎಂದಳು ಚಿಕ್ಕಮ್ಮ. ಅಕ್ಕನ ಎದುರು ಮಂಡಿಯೂರಿದಳು. "ನನ್ನ ಕೂಡೆ ಮಾಡವ್ವ. ನಿಧಾನಕ್ಕೆ. ಗ್ಯಾಸ್ ಬರ್ಲಿ, ಬಿಡ್ತತೆ."

"ಇದು ಅದಕ್ಕೆ ಹೊತ್ತಲ್ಲ ಚಿಕ್ಕಮ್ಮ. ಮೂಗಿಂದ ಎಷ್ಟೇ ಬಂದ್ರೂ ಮುಚ್ಕೊಂಡ ಕೊಳವೆ ತೆಗೆಯಲ್ಲ. ಸಾಲದ್ದಕ್ಕೆ ಸುತ್ತಿನ ಮೇಲೆ ಸುತ್ತು ಮಾಡಿದ್ರೆ ಸೈನಸ್ಸು ಖಾಲಿಯಾಗುತ್ತೆ, ಮತ್ತೆ ತುಂಬೋಕೆ ಹೊತ್ತು ಬೇಕು."

"ನೀ ಸುಮ್ನಿರೇ ಒಂದ್ ನಿಮಿಷ, ಅವಳನ್ನ ಹೆದರಿಸ್ಬೇಡ!"

ಸುತ್ತ ಇದ್ದವರು ತಾವೂ ಗುಂಯ್ ಎನ್ನತೊಡಗಿದರು, ಅವಳಿಗೆ ಜೊತೆ ಕೊಡಲು. ಅಕ್ಕ ತುಟಿ ಮುಚ್ಚಿ ಪ್ರಯತ್ನಿಸಿದಳು. ಒಂದು ಸಲ, ಇನ್ನೊಂದು ಸಲ. ಆಮೇಲೆ ಸೀಟಿಯ ಸದ್ದು ಸಣ್ಣದಾಯಿತು. ಇನ್ನೂ ಸಣ್ಣದಾಗಿ ನಿಂತೇಹೋಯಿತು.

"ನಿಂತ್ತು!" ಎಂದರು ಯಾರೋ. ಚಿಕ್ಕಮ್ಮ ನನ್ನ ಕಡೆ ತಿರುಗಿದಳು. ಅವಳ ಕಣ್ಣಲ್ಲಿ ನೀರಿತ್ತು. "ನೋಡಿದ್ಯಾ? ಕೀಂಕೀಂ ನಿಂತ್ತು."

ನಾನು ಅಕ್ಕನ ಬೆನ್ನಿಗೆ ಕಿವಿ ಇಟ್ಟೆ. ಎಡಕ್ಕೆ, ಬಲಕ್ಕೆ, ಕೆಳಗೆ. ಸದ್ದು ನಿಂತದ್ದು ಕೊಳವೆ ತೆರೆದದ್ದಕ್ಕಲ್ಲ. ಸೀಟಿ ಊದಲು ಬೇಕಾದಷ್ಟು ಗಾಳಿಯೂ ಒಳಗೆ ಓಡಾಡುತ್ತಿರಲಿಲ್ಲ. ನಮ್ಮ ಕೆಲಸದಲ್ಲಿ ಮೊದಲು ಕಲಿಸುವ ಭಯಗಳಲ್ಲಿ ಇದೊಂದು: ಸದ್ದು ಮಾಡುವ ಎದೆಗಿಂತ, ಸದ್ದು ಮಾಡುತ್ತಿದ್ದು ಇದ್ದಕ್ಕಿದ್ದಂತೆ ಸುಮ್ಮನಾದ ಎದೆ ಅಪಾಯ.

"ನಿಮ್ಮೂರು ಯಾವ್ದು ಅಕ್ಕ?" ಎಂದು ಕೇಳಿದೆ, ಮಾತಿಗೆ ಉಸಿರು ಸಾಲುತ್ತದೋ ನೋಡಲು.

"ಐ..." ಎಂದಳು. ಅಷ್ಟಕ್ಕೇ ಉಸಿರು ಮುಗಿಯಿತು. ತುಟಿಯ ಬಣ್ಣ ಬೇರೆಯಾಗಿತ್ತು.

ಚಿಕ್ಕಮ್ಮ ಅದನ್ನು ನೋಡಿದಳು. ಅವಳ ಕೈ ಅಕ್ಕನ ಮಂಡಿಯ ಮೇಲಿಂದ ಜಾರಿತು.

"ಗಾಡಿ ತಗೀರಿ!" ಎಂದು ಚಾಲಕನಿಗೆ ಕೂಗಿದೆ. "ಯಾರ ಹತ್ರಾನಾದ್ರೂ ನೀಲಿ ಪಂಪು ಐತಾ?"

ಪಂಪು ಬಿಟ್ಟವರ ಗುಂಪಿನಲ್ಲಿ ನಾನು ಪಂಪು ಕೇಳುತ್ತಿದ್ದೆ. ಮತ್ತೆ ಕೂಗಿದೆ. ಆಗ ಮೇಷ್ಟ್ರು ಜುಬ್ಬ ಎತ್ತಿ, ಒಳಗಿನ ಚಡ್ಡಿಜೇಬಿಗೆ ಕೈ ಹಾಕಿದರು. ಕರವಸ್ತ್ರದಲ್ಲಿ ಸುತ್ತಿದ್ದ ನೀಲಿ ಪಂಪು ಹೊರಬಂತು.

"ಇರ್ಲಿ ಅಂತ ಇಟ್ಕಂಡಿದ್ದೆ," ಎಂದರು. ಯಾರ ಮುಖವನ್ನೂ ನೋಡಲಿಲ್ಲ.

ಅವರನ್ನು ಆ ಗಳಿಗೆಯಲ್ಲಿ ತಬ್ಬಿಕೊಳ್ಳಬೇಕೆನಿಸಿತು. ಬೇರೆಯವರ ಪಂಪು ಬಳಸಬಾರದೆಂದು ದಿನಾ ಹೇಳುವವಳು ನಾನೇ. ಆದರೆ ಆಗ ಬೇರೆ ದಾರಿ ಇರಲಿಲ್ಲ. ಆ ಸ್ಥಿತಿಯಲ್ಲಿ ಅಕ್ಕನಿಂದ ನೇರ ಎಳೆಯಲಾಗುತ್ತಿರಲಿಲ್ಲ. ನೀರಿನ ಬಾಟಲಿಯೊಂದನ್ನು ಖಾಲಿ ಮಾಡಿ, ತಳದಲ್ಲಿ ಪಂಪಿನ ಬಾಯಿ ಬಿಗಿಯಾಗಿ ಕೂರುವಷ್ಟು ತೂತು ಕೊಯ್ದೆ. ಕೊಯ್ದದ್ದು ಸೌತೆಕಾಯಿ ಹೆಚ್ಚಲು ತಂದಿದ್ದ ಚಾಕುವಿನಿಂದ. ಬಾಟಲಿಯ ಬಾಯಿ ಅವಳ ತುಟಿಗೆ, ಪಂಪು ಹಿಂದಕ್ಕೆ. ಒಂದು ಸಲ ಒತ್ತುವುದು, ನಾಲ್ಕೈದು ಉಸಿರು ಎಳೆಯಲು ಬಿಡುವುದು, ಮತ್ತೆ ಒತ್ತುವುದು. ಔಷಧಿಯ ಮಂಜು ಬಾಟಲಿಯೊಳಗೆ ನಿಂತು, ಅವಳ ಗುಟುಕು ಗುಟುಕು ಉಸಿರಿಗೆ ಕಾಯುತ್ತದೆ.

ಗಾಡಿಯಲ್ಲಿ ಅವಳನ್ನು ಕೂರಿಸಿಯೇ ಕರೆದುಕೊಂಡು ಹೋದೆವು. ಯಾರೋ "ಮಲಗಿಸ್ರಿ" ಎಂದರು, ಬೇಡ ಎಂದೆ. ಹಿಂದಿನಿಂದ ಅವಳನ್ನು ಹಿಡಿದುಕೊಂಡು ಕೂತದ್ದು ಚಿಕ್ಕಮ್ಮ. ಜೋಕು ಹೊಡೆಯುತ್ತಿದ್ದ ಚಾಲಕ ಹಿರಿಯೂರು ಬರುವ ತನಕ ಹಾರ್ನಿನಿಂದ ಕೈ ತೆಗೆಯಲಿಲ್ಲ. ಅರ್ಧ ದಾರಿಯಲ್ಲಿ ಸೀಟಿಯ ಸದ್ದು ವಾಪಸು ಬಂತು.

ಚಿಕ್ಕಮ್ಮ ಬೆಚ್ಚಿದಳು. "ಮತ್ತೆ ಶುರುವಾತಲ್ಲೇ!"

"ಬರ್ಲಿ ಚಿಕ್ಕಮ್ಮ. ಗಾಳಿ ಓಡಾಡ್ತೈತೆ ಅಂತ ಅರ್ಥ. ಬರ್ಲಿ."

ಆಸ್ಪತ್ರೆಯಲ್ಲಿ ಆಮ್ಲಜನಕ, ನೆಬ್ಯುಲೈಸರ್, ಸ್ಟಿರಾಯ್ಡ್ ಸೂಜಿ. ಡ್ಯೂಟಿ ಡಾಕ್ಟರು ನಾವು ಮಾಡಿದ್ದೇನು ಎಂದು ನನ್ನನ್ನು ಕೇಳಿದರು, ಬಾಟಲಿ ನೋಡಿ ತಲೆಯಾಡಿಸಿದರು. ಮಧ್ಯಾಹ್ನದ ಹೊತ್ತಿಗೆ ಅಕ್ಕ ಒಂದು ಪೂರ್ತಿ ವಾಕ್ಯ ಹೇಳಿದಳು. ಕುರಿಗೆ ನೀರು ಕುಡಿಸಲು ಮನೆಗೆ ಫೋನ್ ಮಾಡಬೇಕು ಎಂಬುದು ಆ ವಾಕ್ಯ. ಅದನ್ನು ಕೇಳಿ ನಾನು ಹೊರಗೆ ಹೋಗಿ ನಲ್ಲಿಯ ಬಳಿ ಮುಖ ತೊಳೆದುಕೊಂಡೆ.

ಮಾರನೆಯ ದಿನ ರಜೆ ಹಾಕಿ ವಾರ್ಡಿಗೆ ಹೋದೆ. ಚಿಕ್ಕಮ್ಮ ಅಲ್ಲೇ ಸ್ಟೂಲಿನ ಮೇಲೆ ಕೂತಿದ್ದಳು. ಬೆಳಗಿನ ತರಗತಿ ನಡೆಸಿರಲಿಲ್ಲ. ಅಕ್ಕ ದಿಂಬಿಗೆ ಒರಗಿ ಇಡ್ಲಿ ತಿನ್ನುತ್ತಿದ್ದಳು.

"ತಂಗಿ, ಒಂದು ಕೇಳ್ತೀನಿ, ನೇರವಾಗಿ ಹೇಳು," ಎಂದಳು. "ಇನ್ಮೇಲೆ ನಾನು ಗುಂಯ್ ಅನ್ನೋದು ಬಿಡ್ಬೇಕಾ? ಅದು ಮಾಡಿದ್ರೆ ರಾತ್ರಿ ನಿದ್ದೆ ಬರ್ತತೆ ಕಣವ್ವ. ಎದೆ ಬಡ್ಕೊಳೋದು ಕಮ್ಮಿ ಆಗ್ತತೆ. ಅದು ಸುಳ್ಳಾ?"

"ಅದು ಸುಳ್ಳಲ್ಲ ಅಕ್ಕ. ಉಸಿರು ನಿಧಾನ ಮಾಡಿದ್ರೆ ಮನಸ್ಸು ಹಗುರ ಆಗುತ್ತೆ. ಮೂಗಿಂದ ಆ ಅನಿಲ ಜಾಸ್ತಿ ಬರೋದೂ ಸುಳ್ಳಲ್ಲ, ಅಳೆದಿದ್ದಾರೆ. ಆದ್ರೆ ಬಂದಿದ್ರಲ್ಲಿ ಎಷ್ಟು ಎದೆಗೆ ಇಳಿಯುತ್ತೆ, ಇಳಿದ್ರೆ ಕೊಳವೆ ತೆರೆಯುತ್ತಾ, ಆಸ್ತಮಾ ಕಮ್ಮಿ ಮಾಡುತ್ತಾ ಅಂತ ಗೊತ್ತಿಲ್ಲ. ಉಸಿರಾಟದ ಅಭ್ಯಾಸದಿಂದ ಕೆಲವರಿಗೆ ಹಿತ ಅನ್ಸಿದೆ. ಹಿತ ಆದವರ ಕೊಳವೆಯೂ ಅಗಲ ಆಗಿದೆ ಅಂತ ತೋರಿಸೋ ಪುರಾವೆ ಇಲ್ಲ. ದಿನದ ಪಂಪು ಊತ ಇಳಿಸುತ್ತೆ, ಅದು ಗೊತ್ತು. ನೀಲಿದು ತಕ್ಷಣ ತೆರೆಯುತ್ತೆ, ಅದೂ ಗೊತ್ತು. ಚೆನ್ನಾಗಿರೋ ಹೊತ್ತಲ್ಲಿ ಭ್ರಾಮರಿ ಮಾಡ್ರಿ. ಉಸಿರು ಕಟ್ಟಿದಾಗ ಮಾಡ್ತಾ ಕೂರಬೇಡ್ರಿ."

ಅಕ್ಕ ಚಿಕ್ಕಮ್ಮನ ಕಡೆ ತಿರುಗಿದಳು. ನನ್ನ ಮಾತು ಅವಳಿಗೆ ಸಾಲದು ಎಂದು ಆಗ ಗೊತ್ತಾಯಿತು. ಮುಂದಿನ ತಿಂಗಳು, ಮುಂದಿನ ವರ್ಷ ಅವಳು ಪಂಪು ಎಳೆಯುತ್ತಾಳೋ ಇಲ್ಲವೋ ಎಂಬುದು ಸ್ಟೂಲಿನ ಮೇಲೆ ಕೂತವಳ ಬಾಯಲ್ಲಿತ್ತು.

"ಮೇಡಮ್ಮೋರೆ, ನೀವೇನಂತೀರಿ?"

ಚಿಕ್ಕಮ್ಮ ಸೆರಗಿನ ಅಂಚನ್ನು ಮಡಚಿದಳು, ಬಿಚ್ಚಿದಳು. ಪಕ್ಕದ ಹಾಸಿಗೆಯವರೂ ಅವಳನ್ನೇ ನೋಡುತ್ತಿದ್ದರು.

"ಆವತ್ತು ಬಂದ ಎಪ್ಪತ್ತೆಂಟು ಒಳ್ಳೇದಲ್ಲವ್ವ," ಎಂದಳು ಕೊನೆಗೆ. "ನಿನ್ನ ಎದೆ ಉರೀತಾ ಇತ್ತು. ಡಾಕ್ಟ್ರು ಹೇಳಿದ್ರು, ಇವಳೂ ಹೇಳಿದ್ಳು. ನನಗೆ ಬೇಕಾದ್ದು ನಾನು ಕೇಳಿಸ್ಕಂಡೆ. ಗುಂಯ್ ಅನ್ನೋದು ನಿನ್ನ ಎದೆಗೆ ಏನ್ ಮಾಡ್ತತೆ ಅಂತ ನನಗೆ ಗೊತ್ತಿಲ್ಲ."

ಫೋನು ತೆಗೆದುಕೊಂಡು ವರಾಂಡಕ್ಕೆ ಹೋದಳು. ನಾನೂ ಹಿಂದೆ ಹೋದೆ. ತರಗತಿಯ ಗ್ರೂಪಿಗೆ ದನಿ ಮುದ್ರಿಸುತ್ತಿದ್ದಳು. ಮೊದಲನೆಯ ಸಲ ಎಲ್ಲ ಸರಿಯಾಗಿ ಹೇಳಿ, ಕೊನೆಗೆ "ಆದ್ರೂ ನಮ್ಮ ಹಿರಿಯರು ಸುಮ್ನೆ ಹೇಳಿಲ್ಲ" ಎಂದು ಸೇರಿಸಿದಳು. ಆಲಿಸಿ, ನನ್ನ ಮುಖ ನೋಡಿ, ಅಳಿಸಿದಳು. ಎರಡನೆಯದರಲ್ಲೂ ಅದು ಬೇರೆ ರೂಪದಲ್ಲಿ ನುಸುಳಿತು. ಅವಳೇ ಅಳಿಸಿದಳು. ಮೂರನೆಯದು ಚಿಕ್ಕದು: ಬಾಯಿಯ ಅಂಕಿ ಜಾಸ್ತಿ ಬಂದರೆ ಅದು ಊತದ ಗುರುತು, ತಾನು ತಪ್ಪು ಹೇಳಿದ್ದು, ಪಂಪು ಬಿಟ್ಟವರು ಇವತ್ತೇ ಡಾಕ್ಟರನ್ನು ಕಂಡು ಮತ್ತೆ ಶುರು ಮಾಡಬೇಕು, ಇನ್ನು ಮುಂದೆ ಎದೆಯ ಕಾಯಿಲೆ ಇರುವವರು ನೀಲಿ ಪಂಪು ಚಾಪೆಯ ಪಕ್ಕ ಇಟ್ಟುಕೊಂಡರೆ ಮಾತ್ರ ತರಗತಿ, ಬೆರಳು ಯಾವಾಗ ಬೇಕಾದರೂ ತೆಗೆಯಬಹುದು.

ಕಳಿಸಿ ಫೋನನ್ನು ಬ್ಲೌಸಿನೊಳಗೆ ಸಿಕ್ಕಿಸಿಕೊಂಡಳು. ಒಳಗೆ ನರ್ಸು ಅಕ್ಕನಿಗೆ ದಿನದ ಪಂಪು ಕೊಡಲು ಬಂದಿದ್ದಳು.

"ಅದನ್ನ ಹೆಂಗೆ ಹಿಡೀಬೇಕು, ನನಗೂ ತೋರ್ಸು," ಎಂದಳು ಚಿಕ್ಕಮ್ಮ ನನ್ನ ಕಡೆ ತಿರುಗಿ. "ಆಮೇಲೆ ಬಾಯಿ ಮುಕ್ಕಳಿಸ್ಬೇಕಂತಲ್ಲ, ಯಾಕೆ?"

ಗಂಟಲಿನಲ್ಲಿ ಔಷಧಿ ಉಳಿದರೆ ಬಿಳಿ ಪದರ ಕಟ್ಟುತ್ತದೆ ಎಂದೆ. ಅವಳು ಹೂಂ ಎನ್ನಲಿಲ್ಲ. "ಎಷ್ಟು ಹೊತ್ತು ಮುಕ್ಕಳಿಸ್ಬೇಕು?" ಎಂದು ಕೇಳುತ್ತ ಲೋಟ ತೊಳೆಯಲು ನಲ್ಲಿಯ ಕಡೆ ನಡೆದಳು.